ನಂಬರ್ ಯಾರದು?

ವಯಸ್ಸಾದವರು ಫೋನಲ್ಲಿ ದುಡ್ಡು ಕೊಡೋದು ಕಲಿಯಲ್ಲ ಅನ್ನೋ ಮಾತು ಬಂದಾಗೆಲ್ಲ ಜನ ಕಣ್ಣಿನ ಬಗ್ಗೆ, ಬೆರಳಿನ ಬಗ್ಗೆ ಮಾತಾಡುತ್ತಾರೆ. ಅಕ್ಷರ ಚಿಕ್ಕದು, ಕೈ ನಡುಗುತ್ತೆ, ಭಯ ಜಾಸ್ತಿ. ಇರಬಹುದು. ಆದರೆ ನಮ್ಮ ಅಮ್ಮನಿಗೆ ನನ್ನ ಮಗಳು ಕಲಿಸೋಕೆ ಕೂತಾಗ ತಡವಾಗಿದ್ದು ಇದ್ಯಾವುದರಿಂದಲೂ ಅಲ್ಲ. ಆ್ಯಪ್ ತೆರೆಯುವ ಹೊತ್ತಿಗೇ ತಿಂಗಳು ಕಳೆದಿತ್ತು. ಯಾಕೆ ಅನ್ನೋದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮ ಇರೋದು ಹನುಮಂತನಗರದ ನಮ್ಮ ಹಳೇ ಮನೆಯ ಕೆಳಗಡೆ. ನಾವು ಮೇಲ್ಗಡೆ. ಅಡುಗೆ ಬೇರೆ, ರೇಷನ್ ಕಾರ್ಡ್ ಬೇರೆ, ಜಗಳ ಮಾತ್ರ ಒಂದೇ. ಗಾಂಧಿ ಬಜಾರಿಗೆ ಹೋಗೋದು ಅವಳಿಗೆ ವಾಕಿಂಗೂ ಹೌದು, ಊರ ಸುದ್ದಿ ತಿಳಿಯುವ ದಾರಿಯೂ ಹೌದು. ಪರ್ಸ್‌ನಲ್ಲಿ ಐನೂರರ ನೋಟು ಇರುತ್ತೆ, ಎದುರಿಗೆ ಇಪ್ಪತ್ತು ರೂಪಾಯಿ ಕೊತ್ತಂಬರಿ ಸೊಪ್ಪು ಇರುತ್ತೆ. "ಚಿಲ್ಲರೆ ಇಲ್ಲ ಅಜ್ಜಿ, ಸ್ಕ್ಯಾನ್ ಮಾಡಿ" ಅಂತ ಅವರು ಹೇಳುತ್ತಾರೆ. ಇವಳು ಸೊಪ್ಪು ಅಲ್ಲೇ ಇಟ್ಟು ಮನೆಗೆ ಬರುತ್ತಾಳೆ. ಬಂದು ನಮ್ಮ ಮೇಲೆ ರೇಗುತ್ತಾಳೆ.

2025ರ ಜುಲೈನಲ್ಲಿ ಅವಳಿಗೆ ಒಂದು ದೊಡ್ಡ ಗೆಲುವು ಸಿಕ್ಕಿತ್ತು. ಯುಪಿಐನಲ್ಲಿ ಬಂದ ದುಡ್ಡಿನ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆಯವರು ಬೆಂಗಳೂರಿನ ಚಿಕ್ಕಪುಟ್ಟ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದ್ದರು, ನೆನಪಿದೆಯಲ್ವಾ. ಬೇಕರಿ, ಕಾಂಡಿಮೆಂಟ್ಸ್ ಮುಂದೆ 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಬಿದ್ದವು. ಅಮ್ಮ ಆ ಬೋರ್ಡುಗಳನ್ನು ಒಂದೊಂದಾಗಿ ಓದಿಕೊಂಡು ಬಂದು, "ನೋಡಿದ್ಯಾ, ಕೊನೆಗೆ ಎಲ್ಲಾ ನನ್ನ ದಾರಿಗೇ ಬಂದ್ರು" ಅಂದಳು. ಬೋರ್ಡುಗಳು ಒಂದೊಂದಾಗಿ ಮಾಯವಾದ ಮೇಲೆ, ಒಂದು ಸಂಜೆ ಅವಳೇ ಮೆಟ್ಟಿಲು ಹತ್ತಿ ಬಂದು ನನ್ನ ಮಗಳನ್ನು ಕೇಳಿದಳು. "ಪುಟ್ಟೀ, ನಂಗೂ ಅದನ್ನ ಹೇಳಿಕೊಡ್ತೀಯಾ? ನಿಮ್ಮಮ್ಮ ಹೇಳಿಕೊಟ್ರೆ ಬೈತಾಳೆ."

ಅಣ್ಣನ ನಂಬರು

ಪುಟ್ಟಿ ಎರಡನೇ ಪಿಯುಸಿ. ಅವಳ ಪ್ರಕಾರ ಇದು ಹತ್ತು ನಿಮಿಷದ ಕೆಲಸ. ನನ್ನ ಹಳೇ ಸ್ಮಾರ್ಟ್‌ಫೋನಿಗೆ ಅಮ್ಮನ ಸಿಮ್ ಹಾಕಿದಳು, ಆ್ಯಪ್ ಇಳಿಸಿದಳು, ಭಾಷೆ ಕನ್ನಡ ಅಂತ ಆರಿಸಿದಳು. ಈ ಆ್ಯಪ್‌ಗಳು ಮೊದಲು ಮಾಡುವ ಕೆಲಸ ಏನೆಂದರೆ, ಆ ಸಿಮ್‌ನಿಂದ ತಾವೇ ಒಂದು ಎಸ್ಸೆಮ್ಮೆಸ್ ಕಳಿಸುತ್ತವೆ. ಈ ಸಿಮ್ ಈ ಫೋನಿನಲ್ಲೇ ಇದೆ ಅನ್ನೋದಕ್ಕೆ ಅದೇ ಸಾಕ್ಷಿ. ಅಮ್ಮನ ಸಿಮ್‌ಗೆ ಬರೀ ಫೋನ್ ಮಾಡುವಷ್ಟು ಕರೆನ್ಸಿ ಹಾಕಿಸಿದ್ದೆವು, ಮೆಸೇಜ್ ಹೋಗಲೇ ಇಲ್ಲ. ಚಕ್ರ ಸುತ್ತುತ್ತಲೇ ಇತ್ತು. ಅದನ್ನು ಸರಿಮಾಡಿ, ಬ್ಯಾಂಕಿನ ಹೆಸರು ಒತ್ತಿದರೆ, ಈ ನಂಬರಿಗೆ ಯಾವ ಖಾತೆಯೂ ಇಲ್ಲ ಅಂತ ಬಂತು.

"ಖಾತೆ ಇಲ್ವಾ? ಗೃಹಲಕ್ಷ್ಮಿ ದುಡ್ಡು ಬೀಳೋದು ಇನ್ನೆಲ್ಲಿಗೆ ಮತ್ತೆ?" ಅಂದಳು ಅಮ್ಮ. ಪಾಸ್‌ಬುಕ್ ತಂದು ಮೇಜಿನ ಮೇಲೆ ಇಟ್ಟಳು.

ಖಾತೆ ಇತ್ತು. ಆದರೆ ಬ್ಯಾಂಕಿನಲ್ಲಿ ಆ ಖಾತೆಗೆ ಕೊಟ್ಟಿದ್ದ ಮೊಬೈಲ್ ನಂಬರ್ ಅಮ್ಮನದಲ್ಲ, ಮೈಸೂರಿನಲ್ಲಿರುವ ನನ್ನ ಅಣ್ಣನದು. ಅಪ್ಪ ಹೋದ ವರ್ಷ ಅಣ್ಣನೇ ಓಡಾಡಿ ಖಾತೆ ಮಾಡಿಸಿದ್ದ. ಫಾರ್ಮ್‌ನಲ್ಲಿ ಮೊಬೈಲ್ ನಂಬರ್ ಅನ್ನೋ ಜಾಗ ಬಂದಾಗ ತನ್ನದು ಬರೆದಿದ್ದ. ಅದರಲ್ಲಿ ಕೆಟ್ಟ ಉದ್ದೇಶ ಏನೂ ಇಲ್ಲ. ಅಮ್ಮನಿಗೆ ಆಗ ಫೋನೇ ಇರಲಿಲ್ಲ. ಯಾವುದಾದರೂ ಬ್ಯಾಂಕಿನ ಕೌಂಟರ್ ಹತ್ತಿರ ಹತ್ತು ನಿಮಿಷ ನಿಂತು ನೋಡಿ. "ನಂಬರ್ ಹೇಳಿ" ಅಂದ ತಕ್ಷಣ ವಯಸ್ಸಾದ ಹೆಂಗಸು ಹಿಂದೆ ತಿರುಗುತ್ತಾಳೆ. ಹಿಂದೆ ನಿಂತ ಮಗನೋ ಅಳಿಯನೋ ತನ್ನ ನಂಬರ್ ಹೇಳುತ್ತಾನೆ.

ಇದರ ಅರ್ಥ ಏನು ಅಂತ ನನಗೆ ಅವತ್ತೇ ಹೊಳೆದಿದ್ದು. ಅಮ್ಮನ ಖಾತೆಗೆ ದುಡ್ಡು ಬಂದರೆ ಮೆಸೇಜ್ ಹೋಗೋದು ಮೈಸೂರಿಗೆ. ಅಣ್ಣ ಪ್ರತಿ ಸಲ ಫೋನ್ ಮಾಡಿ, "ಅಮ್ಮಾ, ಎರಡು ಸಾವಿರ ಬಂದಿದೆ" ಅನ್ನುತ್ತಿದ್ದ. ಅಮ್ಮ ಅದನ್ನು ಮಗನ ಅಕ್ಕರೆ ಅಂದುಕೊಂಡಿದ್ದಳು. ಅಕ್ಕರೆಯೇ, ಅದರಲ್ಲಿ ಅನುಮಾನ ಇಲ್ಲ. ಆದರೂ ತನ್ನ ದುಡ್ಡಿನ ಸುದ್ದಿ ಅವಳಿಗೆ ಅವನಿಗೆ ಬಿಡುವಾದಾಗ ತಲುಪುತ್ತಿತ್ತು. ಯುಪಿಐಗೆ ಈ ಸಂಕೋಚ ಎಲ್ಲ ಗೊತ್ತಿಲ್ಲ. ಖಾತೆಯ ನಂಬರ್ ಯಾವ ಸಿಮ್ಮೋ ಆ ಸಿಮ್ ಇರುವ ಫೋನಿಗೆ ಮಾತ್ರ ಅದು ಬಾಗಿಲು ತೆಗೆಯುತ್ತದೆ.

ಬ್ಯಾಂಕಿಗೆ ಅಜ್ಜಿ ಮೊಮ್ಮಗಳು ಇಬ್ಬರೇ ಹೋದರು. ನಂಬರ್ ಬದಲಾವಣೆಗೆ ಒಂದು ಫಾರ್ಮ್, ಪಾಸ್‌ಬುಕ್, ಆಧಾರ್, ಜೊತೆಗೆ ಕೌಂಟರಿನವರ ಎದುರೇ ಸಹಿ. "ಮಗನ ನಂಬರೇ ಇರಲಿ ಬಿಡಿ ಅಮ್ಮಾ, ಸೇಫು" ಅಂದರಂತೆ ಅಲ್ಲಿದ್ದವರು. "ಸೇಫೇ, ಆದ್ರೆ ನನ್ನದು ಬೇಕು" ಅಂದಳಂತೆ ಅಮ್ಮ. ಇದನ್ನು ಪುಟ್ಟಿ ಬಂದು ನನ್ನ ಮುಂದೆ ಅಭಿನಯ ಮಾಡಿ ತೋರಿಸಿದಳು. ಕೆಲವು ದಿನ ಬಿಟ್ಟು ಅಣ್ಣನ ಫೋನ್ ಬಂತು. "ಏನಮ್ಮಾ, ನಂಗೆ ಮೆಸೇಜೇ ಬರ್ತಿಲ್ಲ?" ಅಂತ. ದನಿಯಲ್ಲಿ ಸ್ವಲ್ಪ ಬೇಜಾರಿತ್ತು. ಅಮ್ಮ, "ಈಗ ನಾನೇ ನಿಂಗೆ ಫೋನ್ ಮಾಡಿ ಹೇಳ್ತೀನಿ ಬಿಡೋ" ಅಂದಳು.

ಮುಖ ತಿರುಗಿಸಿ ಕೂತ ಮೊಮ್ಮಗಳು

ಆಮೇಲಿನ ತೊಡಕು ಕಾರ್ಡಿನದು. ಯುಪಿಐ ಪಿನ್ ಮಾಡಿಕೊಳ್ಳೋಕೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅದರ ಅವಧಿ ಮುಗಿಯುವ ತಿಂಗಳು, ವರ್ಷ ಕೇಳುತ್ತದೆ. ಅಮ್ಮನ ಕಾರ್ಡು ಬೀರುವಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ, ಬಂದ ಲಕೋಟೆಯಲ್ಲೇ ಇತ್ತು. ಒಮ್ಮೆಯೂ ಬಳಸಿರಲಿಲ್ಲ. ಅವಧಿ ಮುಗಿದೂ ಹೋಗಿತ್ತು. ಪುಣ್ಯಕ್ಕೆ ಇನ್ನೊಂದು ದಾರಿ ಇದೆ. ಆಧಾರ್‌ನ ಮೊದಲ ಆರು ಅಂಕಿ ಹಾಕಿದರೆ ಓಟಿಪಿ ಬರುತ್ತದೆ. ಆದರೆ ಆಧಾರ್‌ಗೆ ಜೋಡಿಸಿರುವ ಮೊಬೈಲ್ ನಂಬರೂ ಬ್ಯಾಂಕಿನಲ್ಲಿರುವ ನಂಬರೂ ಒಂದೇ ಆಗಿರಬೇಕು. ಬೆಂಗಳೂರು ಒನ್‌ನಲ್ಲಿ ಆಧಾರ್ ಸರಿ ಮಾಡಿಸುವಾಗ ಅಮ್ಮ ತನ್ನದೇ ನಂಬರ್ ಕೊಟ್ಟಿದ್ದಳು, ಬಚಾವ್.

ಇಷ್ಟರಲ್ಲಿ ಅಮ್ಮ ಕೇಳಿದ ಪ್ರಶ್ನೆಗಳು ನಾನು ಇಷ್ಟು ವರ್ಷ ಫೋನಲ್ಲಿ ದುಡ್ಡು ಕೊಡುತ್ತಾ ಕೇಳಿಕೊಳ್ಳದೇ ಇದ್ದವು. "ದುಡ್ಡು ಈಗ ಎಲ್ಲಿದೆ, ಫೋನಲ್ಲಾ ಬ್ಯಾಂಕಲ್ಲಾ?" ಬ್ಯಾಂಕಲ್ಲೇ. ಫೋನ್ ಬರೀ ವಿತ್‌ಡ್ರಾವಲ್ ಸ್ಲಿಪ್ಪು, ಪಿನ್ ಅನ್ನೋದು ನಿನ್ನ ಸಹಿ ಅಂತ ಪುಟ್ಟಿ ಹೇಳಿದಳು. "ಹಾಗಾದ್ರೆ ಫೋನ್ ಕಳೆದುಹೋದ್ರೆ?" ಸ್ಲಿಪ್ ಪುಸ್ತಕ ಕಳೆದುಹೋದ ಹಾಗೆ, ಸಹಿ ಗೊತ್ತಿಲ್ಲದವರು ಏನೂ ಮಾಡೋಕಾಗಲ್ಲ, ಆದರೂ ತಕ್ಷಣ ಸಿಮ್ ನಿಲ್ಲಿಸಬೇಕು, ಬ್ಯಾಂಕಿಗೆ ಹೇಳಬೇಕು. "ಸರಿ, ಎಫ್‌ಡಿ ಇರೋ ಖಾತೆ ಇದಕ್ಕೆ ಸೇರಿಸ್ಬೇಡ." ಇದು ಅಮ್ಮನದೇ ತೀರ್ಮಾನ. ಎಫ್‌ಡಿ ಇರೋದು ಬೇರೆ ಬ್ಯಾಂಕಿನಲ್ಲಿ, ಅದನ್ನು ಮುಟ್ಟಲಿಲ್ಲ. ಗೃಹಲಕ್ಷ್ಮಿ ಬರುವ, ಸಂತೆಗೆ ಸಾಕಾಗುವಷ್ಟು ಇರುವ ಖಾತೆಯೊಂದೇ ಫೋನಿಗೆ ಸೇರಿತು. ದುಡ್ಡು ಹೋದರೆ ಎಷ್ಟರವರೆಗೆ ಹೋಗಬಹುದು ಅನ್ನೋದನ್ನು ಮೊದಲೇ ಕಟ್ಟಿ ಹಾಕುವ ಈ ಬುದ್ಧಿ ನಮ್ಮನೆಯಲ್ಲಿ ಬೇರೆ ಯಾರಿಗೂ ಬಂದಿರಲಿಲ್ಲ.

ಪಿನ್ ಹಾಕುವ ಪುಟ ಬಂದಾಗ ಪುಟ್ಟಿ ಫೋನನ್ನು ಅಜ್ಜಿಯ ಕೈಗೆ ಕೊಟ್ಟು, ಸೋಫಾದ ಮೇಲೆ ಗೋಡೆ ಕಡೆ ತಿರುಗಿ ಕೂತಳು.

"ಯಾಕೇ ಆ ಕಡೆ ತಿರುಗಿದೆ?"

"ನಂಗೆ ಗೊತ್ತಾಗಬಾರದು ಅಜ್ಜಿ."

"ನಿಂಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗ್ಬೇಕು? ನಿನ್ನ ಹತ್ರ ಮುಚ್ಚಿಡೋದು ಏನಿದೆ ನಂದು?"

ಅಮ್ಮನಿಗೆ ನಿಜವಾಗಿ ನೋವಾಗಿತ್ತು. ನಮ್ಮ ಮನೆಗಳಲ್ಲಿ ಬೀರು ಬೀಗದ ಕೈ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರುತ್ತೆ, ಅದೇ ನಂಬಿಕೆ. ಇಲ್ಲಿ ಮೊಮ್ಮಗಳೇ ಬೇಡ ಅನ್ನುತ್ತಿದ್ದಾಳೆ. ಪುಟ್ಟಿ ಜಗ್ಗಲಿಲ್ಲ. "ಇವತ್ತು ನಂಗೆ ಹೇಳ್ತೀಯ. ನಾಳೆ ಅಂಗಡಿಯವನು ತಾನೇ ಒತ್ತಿಕೊಡ್ತೀನಿ ಅಂದ್ರೆ ಅವನಿಗೂ ಹೇಳ್ತೀಯ. ಯಾರಿಗೂ ಇಲ್ಲ ಅಂದ್ರೆ ಯಾರಿಗೂ ಇಲ್ಲ." ಹುಟ್ಟಿದ ವರ್ಷ ಬೇಡ, ಮನೆ ನಂಬರ್ ಬೇಡ, ಪಾಸ್‌ಬುಕ್ ಹಿಂದೆ ಬರೆಯೋದೂ ಬೇಡ ಅಂತ ಗೋಡೆಗೆ ಹೇಳುವಂತೆ ಹೇಳಿದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಯಾವುದೋ ಹಳೇ ನೆನಪಿನಿಂದ ಅಂಕಿಗಳನ್ನು ತೆಗೆದು, ತುಟಿ ಅಲ್ಲಾಡಿಸುತ್ತಾ ಒತ್ತಿದಳು. ಯಾವುದು ಅಂತ ಇವತ್ತಿಗೂ ನಮಗ್ಯಾರಿಗೂ ಗೊತ್ತಿಲ್ಲ. ಆ ಗುಟ್ಟು ಅವಳಿಗೆ ಈಗ ಇಷ್ಟ ಅನಿಸುತ್ತೆ, ಮಾತಿಗೊಮ್ಮೆ "ನನ್ನ ಪಿನ್ನು" ಅನ್ನುತ್ತಾಳೆ.

ಹತ್ತು ರೂಪಾಯಿಯ ಜಗಳ

ಪಾಠ ಶುರುವಾಗಿದ್ದು ಒಂದು ರೂಪಾಯಿಯಿಂದ. ಪುಟ್ಟಿ ತನ್ನ ಫೋನಿನಿಂದ ಅಜ್ಜಿಗೆ ಒಂದು ರೂಪಾಯಿ ಕಳಿಸಿದಳು. ಟಣ್ ಅಂತು, ಬಂತು. "ನೋಡು, ನೀನು ಏನಾದ್ರೂ ಮಾಡಿದ್ಯಾ? ಏನೂ ಮಾಡ್ಲಿಲ್ಲ. ದುಡ್ಡು ಬರೋದಕ್ಕೆ ಪಿನ್ ಬೇಡ. ಸ್ಕ್ಯಾನೂ ಬೇಡ." ಆಮೇಲೆ ಅಜ್ಜಿ ಒಂದು ರೂಪಾಯಿ ವಾಪಸ್ ಕಳಿಸಿದಳು. ಪಿನ್ ಕೇಳಿತು. ಬರೋದಕ್ಕೆ ಬೇಡ, ಕೊಡೋದಕ್ಕೆ ಬೇಕು. ಅಮ್ಮ ತಲೆ ಆಡಿಸಿದಳು, ಗೊತ್ತಾಯ್ತು ಅಂದಳು.

ಪುಟ್ಟಿಗೆ ನಂಬಿಕೆ ಬರಲಿಲ್ಲ. ಮರುದಿನ ಮಧ್ಯಾಹ್ನ ಅಮ್ಮ ಹುರಳಿಕಾಯಿ ಬಿಡಿಸುತ್ತಿದ್ದಾಗ ಬಂದು ತನ್ನ ಫೋನಿನ ಕ್ಯೂಆರ್ ಕೋಡ್ ಹಿಡಿದಳು. "ಅಜ್ಜಿ, ಇದನ್ನ ಸ್ಕ್ಯಾನ್ ಮಾಡು, ನಿಂಗೆ ಹತ್ತು ರೂಪಾಯಿ ಬರುತ್ತೆ, ಬಹುಮಾನ." ಅಮ್ಮ ಕೈ ಒರೆಸಿಕೊಂಡು ಸ್ಕ್ಯಾನ್ ಮಾಡಿದಳು. ಮೊತ್ತ ಹತ್ತು ಅಂತ ಪುಟ್ಟಿ ಹೇಳಿಕೊಟ್ಟ ಹಾಗೆ ಹಾಕಿದಳು. ಪಿನ್ ಕೇಳಿತು, ಪಿನ್ ಒತ್ತಿದಳು. ಟಣ್ ಅಂದಿದ್ದು ಪುಟ್ಟಿಯ ಫೋನು.

ಅಮ್ಮನಿಗೆ ಅರ್ಥವಾಗೋಕೆ ಒಂದು ಕ್ಷಣ ಹಿಡಿಯಿತು. ಆಮೇಲೆ ನಡೆದಿದ್ದನ್ನು ಮೇಲ್ಗಡೆ ಇದ್ದ ನಾನೂ ಕೇಳಿಸಿಕೊಂಡೆ. "ಕೊಡೇ ನನ್ನ ಹತ್ತು ರೂಪಾಯಿ! ಸ್ವಂತ ಅಜ್ಜಿಗೇ ಟೋಪಿ ಹಾಕ್ತೀಯಾ!" ಪುಟ್ಟಿ ಸಂಜೆಯವರೆಗೂ ಕೊಡಲಿಲ್ಲ. ದುಡ್ಡು ಬರುತ್ತೆ ಅಂತ ಹೇಳಿ ಪಿನ್ ಒತ್ತಿಸೋದೇ ಮೋಸಗಾರರ ಹಳೇ ಆಟ. ಸೋಫಾ ಮಾರಾಟಕ್ಕಿದೆ ಅಂತ ಹಾಕಿದವರಿಗೆ ಫೋನ್ ಮಾಡಿ, ಅಡ್ವಾನ್ಸ್ ಕಳಿಸ್ತೀನಿ, ಈ ಕೋಡ್ ಸ್ಕ್ಯಾನ್ ಮಾಡಿ ಅನ್ನುತ್ತಾರೆ. ಬಾಯಲ್ಲಿ ಎಷ್ಟು ಸಲ ಹೇಳಿದರೂ ಇದು ತಲೆಗೆ ಇಳಿಯೋದು ಕಷ್ಟ. ಹತ್ತು ರೂಪಾಯಿ ಹೋದ ಸಿಟ್ಟು ಇಳಿಸಿತು. ಸೈಬರ್ ಮೋಸವಾದರೆ ಕರೆ ಮಾಡಬೇಕಾದ 1930 ನಂಬರನ್ನು ಪುಟ್ಟಿ ಕ್ಯಾಲೆಂಡರ್ ಮೇಲೆ ದಪ್ಪಗೆ ಬರೆದಿದ್ದಾಳೆ. ಅಮ್ಮ ಅದರ ಕೆಳಗೆ ಹಾಲಿನ ಲೆಕ್ಕ ಬರೆಯುತ್ತಾಳೆ.

ಹೂವಿನಮ್ಮನ ಹತ್ತಿರ

ಮನೆಯೊಳಗಿನ ಒಂದು ರೂಪಾಯಿ ಲೆಕ್ಕಕ್ಕಿಲ್ಲ, ಅಂಗಡಿಯಲ್ಲಿ ಕೊಟ್ಟರೇ ಕೊಟ್ಟ ಹಾಗೆ ಅಂತ ಅಮ್ಮನ ವಾದ. ಶುಕ್ರವಾರ ಬೆಳಿಗ್ಗೆ ಮೂವರೂ ಗಾಂಧಿ ಬಜಾರಿಗೆ ಹೋದೆವು. ನಾನು ಹಿಂದೆ ಚೀಲ ಹಿಡಿದುಕೊಂಡು. ಅಮ್ಮ ಯಾವಾಗಲೂ ಹೂ ತಗೊಳ್ಳುವ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಎರಡು ಮೊಳ ಮಲ್ಲಿಗೆ, ಅರವತ್ತು ರೂಪಾಯಿ. ಬುಟ್ಟಿಗೆ ಒರಗಿಸಿದ ರಟ್ಟಿನ ಮೇಲೆ ಕ್ಯೂಆರ್ ಅಂಟಿಸಿತ್ತು. ನೀರು ಚಿಮುಕಿಸಿ ಚಿಮುಕಿಸಿ ಅದರ ಒಂದು ಮೂಲೆ ಎದ್ದಿತ್ತು.

ಅಮ್ಮ ಕನ್ನಡಕ ಹಾಕಿಕೊಂಡಳು. ಫೋನು ಕೋಡಿಗೆ ತೀರಾ ಹತ್ತಿರ ಹಿಡಿದಳು, ಪುಟ್ಟಿ ಅಜ್ಜಿಯ ಮೊಣಕೈ ಹಿಡಿದು ಸ್ವಲ್ಪ ಹಿಂದಕ್ಕೆ ತಂದಳು. ಸಿಕ್ಕಿತು. ಪರದೆಯ ಮೇಲೆ ಹೆಸರು ಬಂತು. ನಾವಾದರೆ ಹೆಸರಿನ ಕಡೆ ಕಣ್ಣೂ ಹಾಯಿಸದೆ ಮೊತ್ತ ಒತ್ತಿರುತ್ತಿದ್ದೆವು. ಅಮ್ಮ ಅಕ್ಷರ ಅಕ್ಷರ ಓದಿದಳು. ಹಿಂದೆ ಇನ್ನಿಬ್ಬರು ಹೂವಿಗೆ ನಿಂತಿದ್ದರು.

"ಇದ್ಯಾರೋ ಗಂಡಸಿನ ಹೆಸರು ಬರ್ತಿದೆ. ನೀನಲ್ವಲ್ಲ."

"ನನ್ನ ಮಗಂದು ಅಜ್ಜಿ, ಹಾಕಿ."

ಅಮ್ಮ ಹಾಕಲಿಲ್ಲ. ಮಗನ ಹೆಸರೇನು ಅಂತ ಹೂವಿನಮ್ಮನನ್ನೇ ಕೇಳಿದಳು. ಅವಳು ಹೇಳಿದ್ದೂ ಪರದೆ ಮೇಲೆ ಇದ್ದಿದ್ದೂ ಒಂದೇ ಆದ ಮೇಲೆ ಮುಂದೆ ಹೋದಳು. ಇದು ಅತಿ ಅಂತ ಅನಿಸಬಹುದು. ಆದರೆ ಅಂಗಡಿಯವರ ಸ್ಟಿಕರ್ ಮೇಲೆ ರಾತ್ರೋರಾತ್ರಿ ತಮ್ಮ ಸ್ಟಿಕರ್ ಅಂಟಿಸಿ ಹೋಗುವವರಿದ್ದಾರೆ. ಅದನ್ನು ಹಿಡಿಯೋಕೆ ಗಿರಾಕಿಯ ಕೈಯಲ್ಲಿರೋದು ಈ ಹೆಸರೊಂದೇ. 2025ರ ಜೂನ್ ಕೊನೆಯಿಂದ ಆ್ಯಪ್‌ಗಳು ಬ್ಯಾಂಕಿನ ಖಾತೆಯಲ್ಲಿರುವ ಹೆಸರನ್ನೇ ತೋರಿಸಬೇಕು ಅಂತ ನಿಯಮ ಇದೆ, ಯಾರೋ ತಮಗೆ ಇಷ್ಟ ಬಂದಂತೆ ಇಟ್ಟುಕೊಂಡ ಹೆಸರನ್ನಲ್ಲ. ಅದನ್ನು ಪೂರ್ತಿ ಓದಿ ದುಡ್ಡು ಕೊಟ್ಟವರನ್ನು ನಾನು ನೋಡಿದ್ದು ಅವತ್ತೇ.

ಆರು, ಸೊನ್ನೆ. ಪಿನ್ ಹಾಕುವಾಗ ಅಮ್ಮ ಫೋನನ್ನು ಸೆರಗಿನೊಳಗೆ ಎಳೆದುಕೊಂಡಳು. ಪುಟ್ಟಿ ಅಭ್ಯಾಸದಂತೆ ಆಕಾಶ ನೋಡಿದಳು. ಹಸಿರು ಟಿಕ್ ಬಂತು. ಅಮ್ಮ ಫೋನನ್ನು ಹೂವಿನಮ್ಮನ ಮುಖದ ಮುಂದೆ ಹಿಡಿದಳು. ಹೂವಿನಮ್ಮ ಅರ್ಧ ಕಣ್ಣಲ್ಲಿ ನೋಡಿ, "ಆಯ್ತು ಅಜ್ಜಿ" ಅಂದಳು. ಪುಟ್ಟಿ ಚಪ್ಪಾಳೆ ತಟ್ಟಿದಳು. ಅಮ್ಮನ ಗಮನ ಚಪ್ಪಾಳೆ ಕಡೆ ಇರಲಿಲ್ಲ.

"ಆಯ್ತು ಅಂತ ನಿಂಗೆ ಹೆಂಗೆ ಗೊತ್ತಾಯ್ತು? ನಿನ್ನ ಹತ್ರ ಏನೂ ಸದ್ದೇ ಆಗ್ಲಿಲ್ಲ."

ಮೆಸೇಜು ಮಗನ ಫೋನಿಗೆ ಹೋಗುತ್ತೆ. ಮಗ ಆಟೋ ಓಡಿಸುತ್ತಾನೆ, ಈಗ ಎಲ್ಲಿದ್ದಾನೋ. ಮೊತ್ತ ಕೂಗಿ ಹೇಳುವ ಡಬ್ಬಿ ಇಟ್ಟುಕೊಂಡರೆ ತಿಂಗಳಿಗೆ ಬಾಡಿಗೆ ಕಟ್ಟಬೇಕು ಅಂತ ಬೇಡ ಅಂದಿದ್ದಾನೆ. ಗಿರಾಕಿ ಟಿಕ್ ತೋರಿಸಿದರೆ ಇವಳು ನಂಬಬೇಕು. ಹಾಗೇ ಹಸಿರು ಟಿಕ್ ತೋರಿಸುವ ನಕಲಿ ಆ್ಯಪ್‌ಗಳು ಇವೆ ಅಂತ ಪುಟ್ಟಿ ಹೇಳಿದಾಗ ಹೂವಿನಮ್ಮ, "ಗೊತ್ತು ಮಗಾ, ಸಂಜೆ ಲೆಕ್ಕ ಹಾಕಿದಾಗ ಯಾವಾಗ್ಲೂ ಸ್ವಲ್ಪ ಕಮ್ಮಿ ಬರುತ್ತೆ" ಅಂದಳು.

"ಮಗ ಕೊಡ್ತಾನಾ ದುಡ್ಡು?"

"ಕೊಡ್ತಾನೆ. ಬೆಳಿಗ್ಗೆ ಮಾರ್ಕೆಟ್ಟಿಗೆ ಹೂ ತರೋಕೆ ಬೇಕಲ್ಲ, ಅಷ್ಟು ಕೊಡ್ತಾನೆ."

ಅಮ್ಮ ಇನ್ನೂ ಏನೋ ಕೇಳೋಕೆ ಹೊರಟವಳು ಸುಮ್ಮನಾದಳು. ಹಿಂದಿನವರು ಗೊಣಗುತ್ತಿದ್ದರು. ದಾರಿಯಲ್ಲಿ ಪುಟ್ಟಿ "ಹೆಂಗಿತ್ತು ಅಜ್ಜಿ, ಫಸ್ಟ್ ಪೇಮೆಂಟು?" ಅಂತ ಕೇಳಿದ್ದಕ್ಕೆ, "ನಾನು ಕೊಟ್ಟೆ ಕಣೇ, ಅವಳಿಗೆ ಸೇರಲಿಲ್ಲ" ಅಂದಳು.

ಈಗಿನ ಲೆಕ್ಕ

ಅಮ್ಮ ಈಗ ಆರಾಮಾಗಿ ಸ್ಕ್ಯಾನ್ ಮಾಡುತ್ತಾಳೆ. ಮೆಡಿಕಲ್ ಸ್ಟೋರಿನಲ್ಲಿ ಒಮ್ಮೆ ದುಡ್ಡು ಸಿಕ್ಕಿಹಾಕಿಕೊಂಡಿತು. ಚಕ್ರ ಸುತ್ತಿ ಸುತ್ತಿ ನಿಂತಿತು, ಅಂಗಡಿಯ ಡಬ್ಬಿ ಮಾತಾಡಲಿಲ್ಲ. ಇನ್ನೊಂದ್ಸಲ ಮಾಡಿ ಅಮ್ಮಾ ಅಂದರು ಅಂಗಡಿಯವರು. ಅಮ್ಮನ ಫೋನಿಗೆ ಅಷ್ಟರಲ್ಲಿ ಬ್ಯಾಂಕಿನ ಮೆಸೇಜ್ ಬಂದಿತ್ತು, ಖಾತೆಯಿಂದ ದುಡ್ಡು ಕಡಿತವಾಗಿದೆ ಅಂತ. ಆ ಮೆಸೇಜ್ ಇನ್ನೂ ಮೈಸೂರಿಗೆ ಹೋಗುತ್ತಿದ್ದಿದ್ದರೆ ಅವಳು ಎರಡನೇ ಸಲವೂ ಒತ್ತಿರುತ್ತಿದ್ದಳು. ಮೆಸೇಜ್ ತೋರಿಸಿ, ಸದ್ಯಕ್ಕೆ ಪರ್ಸ್‌ನಿಂದ ಕ್ಯಾಶ್ ಕೊಟ್ಟು, ಮನೆಗೆ ಬಂದು ಪುಟ್ಟಿಯ ಹತ್ತಿರ ಆ್ಯಪ್‌ನಲ್ಲಿ ದೂರು ಹಾಕಿಸಿದಳು. ಅಂಗಡಿಗೆ ಕೊಟ್ಟ ದುಡ್ಡು ಹೀಗೆ ನಡುವೆ ನಿಂತರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕು ಅಂತ 2019ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ವಾಪಸ್ ಬಂತು. ಐದು ದಿನ ದಾಟಲಿಲ್ಲವಲ್ಲ ಅಂತ ಅಮ್ಮನಿಗೆ ಸ್ವಲ್ಪ ನಿರಾಸೆಯೂ ಆಯಿತು.

ಸೊಪ್ಪಿಗೆ, ಮಾತ್ರೆಗೆ, ದಿನಸಿಗೆ ಫೋನು. ಹೂವಿಗೆ ಮಾತ್ರ ಕ್ಯಾಶ್. ಪುಟ್ಟಿಗೆ ಇದು ಸೋಲು ಅನಿಸಿ, "ಅಜ್ಜಿ, ಹೂವಿನಮ್ಮನ ಹತ್ರಾನೇ ನೀನು ಕಲಿತಿದ್ದು!" ಅಂತ ವಾದ ಮಾಡುತ್ತಾಳೆ. ಅಮ್ಮ ಅರವತ್ತು ರೂಪಾಯಿಯನ್ನು ಮನೆಯಲ್ಲೇ ಚಿಲ್ಲರೆ ಮಾಡಿಟ್ಟುಕೊಂಡು ಹೋಗುತ್ತಾಳೆ. ಹಾಗೇ ಪ್ರತಿ ಶುಕ್ರವಾರ ಹೂವಿನಮ್ಮನಿಗೆ ಬ್ಯಾಂಕಿನ ವಿಷಯ ಹೇಳುತ್ತಾಳಂತೆ. ಜನಧನ್ ಖಾತೆ ಅವಳ ಹೆಸರಿನಲ್ಲಿ ಇದೆ, ನಂಬರ್ ಮಾತ್ರ ಮಗನದು. ಫಾರ್ಮ್ ಯಾವ ಕೌಂಟರಲ್ಲಿ ಸಿಗುತ್ತೆ, ಏನೇನು ತಗೊಂಡು ಹೋಗಬೇಕು, ಸೋಮವಾರ ಹೋಗಬೇಡ ರಶ್ ಇರುತ್ತೆ, ಮಗನ ನಂಬರೇ ಇರಲಿ ಅಂದ್ರೆ ಒಪ್ಪಬೇಡ. ಹೂವಿನಮ್ಮ ಹೂಂ ಹೂಂ ಅನ್ನುತ್ತಾ ಮೊಳ ಹಾಕುತ್ತಾಳೆ. ಬ್ಯಾಂಕಿಗೆ ಹೋಗೋದು ಅಂದ್ರೆ ಅರ್ಧ ದಿನದ ವ್ಯಾಪಾರ ಹೋಗುತ್ತೆ, ಜೊತೆಗೆ ಮಗ ಬೇಜಾರು ಮಾಡ್ಕೋತಾನೆ ಅಂತ ಮೊನ್ನೆ ಹೇಳಿದಳಂತೆ. "ನನ್ನ ಮಗನೂ ಮಾಡ್ಕೊಂಡ, ಎರಡು ದಿನ" ಅಂದಳಂತೆ ಅಮ್ಮ. ಹೂವಿನಮ್ಮ ಇನ್ನೂ ಹೋಗಿಲ್ಲ.